ಪಾಠ ಯೋಜನೆಯ ಸನ್ನಿವೇಶ ಪ್ರಶ್ನೆ: ಉತ್ತರ ಬರೆಯುವ ಕ್ರಮ, ಮಾದರಿ ಉತ್ತರ, ಅಂಕ ಟಿಪ್ಪಣಿ

ಡಿ.ಎಲ್.ಇಡಿ ಮತ್ತು ಬಿ.ಇಡಿ ಓದುವವರು ಪಾಠ ಯೋಜನೆಯ ತಲೆಬರಹಗಳನ್ನು ಚೆನ್ನಾಗಿ ಬಲ್ಲರು. ಕಲಿಕಾ ಫಲ, ಪೂರ್ವಜ್ಞಾನ, ಕಲಿಕೋಪಕರಣ, ಚಟುವಟಿಕೆ, ಮೌಲ್ಯಮಾಪನ ಎಲ್ಲವೂ ಬಾಯಿಗೆ ಬರುತ್ತವೆ. ಆದರೆ "ನಿಮ್ಮ ತರಗತಿಯಲ್ಲಿ ಹೀಗಾಯಿತು, ನಾಳೆಯ ಪಾಠವನ್ನು ಹೇಗೆ ಯೋಜಿಸುವಿರಿ?" ಎಂದು ಕೇಳಿದ ಕೂಡಲೇ ಅದೇ ತಲೆಬರಹಗಳನ್ನು ಮತ್ತೆ ಬರೆದಿಡುತ್ತಾರೆ. ಎರಡು ಪುಟ ತುಂಬುತ್ತದೆ, ಅಂಕ ಮಾತ್ರ ಬರುವುದಿಲ್ಲ. ಪ್ರಶ್ನೆಯಲ್ಲಿದ್ದ ಮಕ್ಕಳು ಉತ್ತರದಲ್ಲಿ ಎಲ್ಲೂ ಕಾಣುವುದಿಲ್ಲ, ಅದೇ ಕಾರಣ.

ಇಲ್ಲಿ ಒಂದು ಸನ್ನಿವೇಶವನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿದ್ದೇನೆ. ಆಮೇಲೆ ಚಿಕ್ಕದಾಗಿ ಇನ್ನೆರಡು ಬರುತ್ತವೆ. ಸನ್ನಿವೇಶಗಳನ್ನು ಅಭ್ಯಾಸಕ್ಕಾಗಿ ನಾನೇ ಕಟ್ಟಿದ್ದು. ಅಂಕ ಹಂಚಿಕೆಯೂ ಅಭ್ಯಾಸದ್ದೇ, ನಿಮ್ಮ ಪರೀಕ್ಷೆಯಲ್ಲಿ ಅದು ಬೇರೆ ಇರಬಹುದು.

## ಕೈಯಲ್ಲಿ ಏನಿರಬೇಕು

ಪೆನ್ಸಿಲ್, ಖಾಲಿ ಹಾಳೆ, ಗಡಿಯಾರ, ಜೊತೆಗೆ ಆ ತರಗತಿಯ ಪಠ್ಯಪುಸ್ತಕ. ಇಷ್ಟು ಸಾಕು. ಮಾದರಿ ಪಾಠ ಯೋಜನೆಯ ಪುಸ್ತಕ ಪಕ್ಕಕ್ಕಿಡಿ. ಅದು ಮುಂದಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. 10 ಅಂಕದ ಪ್ರಶ್ನೆಗೆ 20 ನಿಮಿಷ ಇಟ್ಟುಕೊಳ್ಳಿ. ಮೊದಲ 6 ನಿಮಿಷ ಓದುವುದಕ್ಕೂ ಯೋಚಿಸುವುದಕ್ಕೂ ಇರಲಿ, ಬರೆಯಲು ಉಳಿದ 14 ನಿಮಿಷ ಸಾಕು.

## ಸನ್ನಿವೇಶ 1

*ಹೊಳಲ್ಕೆರೆ ತಾಲೂಕಿನ ಒಂದು ಸರ್ಕಾರಿ ಶಾಲೆ. 5ನೇ ತರಗತಿಯಲ್ಲಿ 24 ಮಕ್ಕಳಿದ್ದಾರೆ. ಚಿತ್ರ ಕೊಟ್ಟರೆ ಎಲ್ಲರೂ ಅದರ 1/4 ಭಾಗಕ್ಕೆ ಸರಿಯಾಗಿ ಬಣ್ಣ ತುಂಬುತ್ತಾರೆ. ನಿನ್ನೆ ಪಾಠದ ಕೊನೆಯಲ್ಲಿ "1/3, 1/4 ಇವುಗಳಲ್ಲಿ ಯಾವುದು ದೊಡ್ಡದು?" ಎಂದು ಕೇಳಿದಾಗ 15 ಮಕ್ಕಳು 1/4 ಎಂದು ಬರೆದರು. ಒಬ್ಬಳನ್ನು ಕೇಳಿದರೆ "ಮಿಸ್, 3ಕ್ಕಿಂತ 4 ದೊಡ್ಡದಲ್ವಾ" ಎಂದಳು. ಘಟಕ ಯೋಜನೆಯ ಪ್ರಕಾರ ನಾಳೆ ಭಿನ್ನರಾಶಿಗಳ ಸಂಕಲನ ಶುರುವಾಗಬೇಕು. 40 ನಿಮಿಷದ ಅವಧಿ. ನಾಳೆಯ ಪಾಠವನ್ನು ಹೇಗೆ ಯೋಜಿಸುವಿರಿ? (10 ಅಂಕ)*

### ಹಂತ 1: ಸಂಗತಿಗಳಿಗೆ ಗೆರೆ ಎಳೆಯಿರಿ

ಮೊದಲ ಸಲ ಸುಮ್ನೆ ಓದಿ. ಎರಡನೇ ಸಲ ಓದುವಾಗ ಮಕ್ಕಳ ಬಗ್ಗೆ ಹೇಳಿರುವ ಪ್ರತಿ ಸಂಗತಿಗೂ ಗೆರೆ ಎಳೆಯಿರಿ. ಇಲ್ಲಿ ನಾಲ್ಕು ಸಿಗುತ್ತವೆ: ಬಣ್ಣ ತುಂಬಲು ಬರುತ್ತದೆ, 15 ಮಂದಿ ತಪ್ಪು ಬರೆದಿದ್ದಾರೆ, ಒಬ್ಬಳು ಕಾರಣ ಹೇಳಿದ್ದಾಳೆ, ನಾಳೆಗೆ ಸಂಕಲನ ಕಾದಿದೆ.

ಉಳಿದ 9 ಮಂದಿಯ ಬಗ್ಗೆ ಪ್ರಶ್ನೆ ಏನೂ ಹೇಳಿಲ್ಲ. ಅವರಿಗೆ ಗೊತ್ತಿದೆ ಎಂದು ಸುಮಾರು ಜನ ಊಹಿಸಿಬಿಡುತ್ತಾರೆ. ಎರಡರಲ್ಲಿ ಒಂದನ್ನು ಆರಿಸುವ ಪ್ರಶ್ನೆ ಇದು. ಎಲ್ಲರೂ ಕಣ್ಣುಮುಚ್ಚಿ ಬರೆದರೂ ಸುಮಾರು 12 ಉತ್ತರ ಸರಿ ಬರಬಹುದು. ಹಾಗಾಗಿ ಆ 9 ಸರಿ ಉತ್ತರಗಳು ಏನನ್ನೂ ಖಚಿತವಾಗಿ ಹೇಳುವುದಿಲ್ಲ. ಇದನ್ನು ಒಂದು ವಾಕ್ಯದಲ್ಲಿ ಬರೆದರೂ ನಿಮ್ಮ ಉತ್ತರ ಬೇರೆಯವರಿಗಿಂತ ಮೇಲೆ ನಿಲ್ಲುತ್ತದೆ.

### ಹಂತ 2: ತೊಡಕು ಏನು ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ

"ಮಕ್ಕಳಿಗೆ ಭಿನ್ನರಾಶಿ ಅರ್ಥವಾಗಿಲ್ಲ" ಎಂದು ಬರೆದರೆ ಅದು ತಪ್ಪು. 1/4 ಭಾಗಕ್ಕೆ ಬಣ್ಣ ತುಂಬುತ್ತಾರಲ್ಲ, ಅಷ್ಟು ಅವರಿಗೆ ಗೊತ್ತು. ತೊಡಕು ಇರುವುದು ಹೋಲಿಕೆಯಲ್ಲಿ. 1, 2, 3 ಎಂದು ಎಣಿಸುವ ಸಂಖ್ಯೆಗಳಲ್ಲಿ ಕಲಿತ ನಿಯಮವನ್ನು ಮಕ್ಕಳು ಛೇದಕ್ಕೂ ಹಾಕುತ್ತಿದ್ದಾರೆ. 4 ದೊಡ್ಡದು, ಆದ್ದರಿಂದ 1/4 ದೊಡ್ಡದು. ಛೇದವು ಇಡೀ ವಸ್ತುವನ್ನು ಎಷ್ಟು ಸಮಭಾಗ ಮಾಡಿದ್ದೇವೆ ಎಂದು ಹೇಳುತ್ತದೆ, ಭಾಗ ಹೆಚ್ಚಿದಷ್ಟೂ ಒಂದೊಂದು ಭಾಗ ಚಿಕ್ಕದಾಗುತ್ತದೆ. ಈ ಸಂಬಂಧ ಅವರಿಗೆ ಇನ್ನೂ ಕಂಡಿಲ್ಲ.

ಆ ಹುಡುಗಿಯ ಮಾತನ್ನು ಉತ್ತರದಲ್ಲಿ ಹಾಗೇ ಬರೆಯಿರಿ. ಇಡೀ ಪ್ರಶ್ನೆಯಲ್ಲಿ ಅದಕ್ಕಿಂತ ಗಟ್ಟಿಯಾದ ಆಧಾರ ಇನ್ನೊಂದಿಲ್ಲ.

### ಹಂತ 3: ಒಂದೇ ಕಲಿಕಾ ಫಲ

ನಾಳೆ ಸಂಕಲನ ಬೇಡ ಎಂದು ಧೈರ್ಯವಾಗಿ ಬರೆಯಿರಿ. ಘಟಕ ಯೋಜನೆ ಒಂದು ದಿನ ಹಿಂದೆ ಬಿದ್ದರೆ ಅದನ್ನು ಸರಿದೂಗಿಸಬಹುದು. 1/4 ದೊಡ್ಡದು ಎಂದು ನಂಬಿದ ಮಗು 1/3 + 1/4 ಕೂಡಿಸಿ 2/7 ಎಂದು ಬರೆದರೆ ಅದರಲ್ಲಿ ಆಶ್ಚರ್ಯವಿಲ್ಲ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸುವ ತಪ್ಪು ಅದೇ ಬೇರಿನಿಂದ ಹುಟ್ಟುತ್ತದೆ. 2/7 ಎಂಬುದು 1/3ಕ್ಕಿಂತ ಕಡಿಮೆ ಎಂಬುದೂ ಆ ಮಗುವಿಗೆ ಕಾಣುವುದಿಲ್ಲ.

ಕಲಿಕಾ ಫಲದ ಕ್ರಿಯಾಪದ ಕಣ್ಣಿಗೆ ಕಾಣುವಂತಿರಲಿ. "ತಿಳಿಯುವರು", "ಅರ್ಥಮಾಡಿಕೊಳ್ಳುವರು" ಎಂದರೆ ಅದು ಆಯಿತೋ ಇಲ್ಲವೋ ಎಂದು ನೋಡುವುದು ಹೇಗೆ? ಹೀಗೆ ಬರೆಯಿರಿ: "ಅಂಶ 1 ಇರುವ ಎರಡು ಭಿನ್ನರಾಶಿಗಳನ್ನು ಹೋಲಿಸಿ, ಯಾವುದು ದೊಡ್ಡದು ಎಂದು ಹೇಳಿ, ಪಟ್ಟಿಯ ಚಿತ್ರದಿಂದ ಕಾರಣ ತೋರಿಸುವರು."

ಮೂರ್ನಾಲ್ಕು ಕಲಿಕಾ ಫಲ ಬರೆದರೆ ಜಾಸ್ತಿ ಅಂಕ ಸಿಗುತ್ತದೆ ಎಂಬ ನಂಬಿಕೆ ಬಿಡಿ. 40 ನಿಮಿಷಕ್ಕೆ ಒಂದು ಸಾಕು.

### ಹಂತ 4: ಮೌಲ್ಯಮಾಪನದ ಪ್ರಶ್ನೆಯನ್ನು ಚಟುವಟಿಕೆಗಿಂತ ಮೊದಲೇ ಬರೆಯಿರಿ

ಹೆಚ್ಚಿನವರು ಎಡವುವುದು ಈ ಕ್ರಮದಲ್ಲೇ. ಚಟುವಟಿಕೆ ಮೊದಲು ಹೊಳೆಯುತ್ತದೆ, ಅದನ್ನು ಅರ್ಧ ಪುಟ ಬರೆಯುತ್ತಾರೆ. ಕೊನೆಗೆ "ಪ್ರಶ್ನೆ ಕೇಳಿ ಮೌಲ್ಯಮಾಪನ ಮಾಡುವೆ" ಎಂದು ಮುಗಿಸುತ್ತಾರೆ. ಯಾವ ಪ್ರಶ್ನೆ? ಅದು ಇಲ್ಲದಿದ್ದರೆ ಆ ಭಾಗಕ್ಕೆ ಅಂಕ ಇಲ್ಲ.

1/3 ಮತ್ತು 1/4 ಅನ್ನೇ ಮತ್ತೆ ಕೇಳಬೇಡಿ. ಪಾಠದಲ್ಲಿ ನೋಡಿದ ಜೋಡಿಯ ಉತ್ತರ ಮಗುವಿಗೆ ನೆನಪಿರುತ್ತದೆ. ಪಾಠದಲ್ಲಿ ಬಾರದ ಜೋಡಿ ಕೊಡಿ: "1/5, 1/8 ಇವುಗಳಲ್ಲಿ ಯಾವುದು ದೊಡ್ಡದು? ಒಂದೇ ಉದ್ದದ ಎರಡು ಪಟ್ಟಿ ಬರೆದು ಕಾರಣ ತೋರಿಸಿ." ಕಾರಣ ಕೇಳಿದಾಗ ಊಹೆಯ ಉತ್ತರಗಳು ಬೇರೆಯಾಗಿ ಕಾಣುತ್ತವೆ.

### ಹಂತ 5: ಚಟುವಟಿಕೆ, ಸಾಮಗ್ರಿ, ನಿಮಿಷ

ಈಗ ಚಟುವಟಿಕೆ. ಆ ಪ್ರಶ್ನೆಗೆ ಉತ್ತರಿಸಲು ಮಗುವಿಗೆ ಏನು ಕಾಣಬೇಕು? ಒಂದೇ ಉದ್ದದ ಎರಡು ವಸ್ತುಗಳಲ್ಲಿ ಭಾಗ ಹೆಚ್ಚಾದಂತೆ ತುಂಡು ಚಿಕ್ಕದಾಗುವುದು ಕಾಣಬೇಕು. ಅದಕ್ಕೆ ಕಾಗದದ ಪಟ್ಟಿ ಬೇಕು.

ಇಲ್ಲಿ ಅಳತೆ ಮುಖ್ಯ. ಪಟ್ಟಿಯ ಉದ್ದ 12 ಸೆಂ.ಮೀ. ಇರಲಿ. ಮೂರು ಭಾಗ ಮಾಡಿದರೆ 4 ಸೆಂ.ಮೀ., ನಾಲ್ಕು ಭಾಗ ಮಾಡಿದರೆ 3 ಸೆಂ.ಮೀ., ಎರಡು ಮಾಡಿದರೆ 6, ಆರು ಮಾಡಿದರೆ 2. ಎಲ್ಲವೂ ಪೂರ್ಣ ಸಂಖ್ಯೆ. ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲು 15 ಸೆಂ.ಮೀ. ಇರುತ್ತದೆ, ಒಂದೇ ಸಲಕ್ಕೆ ಅಳೆಯಬಹುದು. 10 ಸೆಂ.ಮೀ. ಪಟ್ಟಿ ಕೊಟ್ಟರೆ ಮೂರು ಸಮಭಾಗ ಮಾಡುವುದರಲ್ಲೇ ಅವಧಿ ಮುಗಿಯುತ್ತದೆ. ಹಳೆಯ ಕ್ಯಾಲೆಂಡರ್ ಹಾಳೆ ಇದಕ್ಕೆ ಒಳ್ಳೆಯದು, ಬಾಗುವುದಿಲ್ಲ.

ರೊಟ್ಟಿ, ದೋಸೆ ಎಂದು ದುಂಡನೆಯ ವಸ್ತು ಆರಿಸುವವರು ಬಹಳ. ದುಂಡಾಗಿರುವುದನ್ನು ಎರಡು, ನಾಲ್ಕು ಮಾಡುವುದು ಸುಲಭ. ಮೂರು ಸಮಭಾಗ ಮಾಡುವುದು ದೊಡ್ಡವರಿಗೂ ಕಷ್ಟ. ಭಾಗ ಸಮ ಬರದಿದ್ದರೆ ನೀವು ತೋರಿಸಬೇಕಾದ್ದೇ ತಪ್ಪಿಹೋಗುತ್ತದೆ.

## ಪೂರ್ತಿ ಮಾದರಿ ಉತ್ತರ

"24ರಲ್ಲಿ 15 ಮಕ್ಕಳು 1/4 ದೊಡ್ಡದು ಎಂದಿದ್ದಾರೆ. '3ಕ್ಕಿಂತ 4 ದೊಡ್ಡದಲ್ವಾ' ಎಂಬ ಮಾತಿನಿಂದ ಅವರು ಎಣಿಕೆಯ ಸಂಖ್ಯೆಯ ನಿಯಮವನ್ನು ಛೇದಕ್ಕೂ ಬಳಸುತ್ತಿದ್ದಾರೆ ಎಂದು ತಿಳಿಯುತ್ತದೆ. 1/4 ಭಾಗಕ್ಕೆ ಬಣ್ಣ ತುಂಬಬಲ್ಲರು, ಹಾಗಾಗಿ ಭಿನ್ನರಾಶಿಯ ಪರಿಚಯವನ್ನು ಮತ್ತೆ ಮಾಡುವುದಿಲ್ಲ. ಉಳಿದ 9 ಮಂದಿ ಊಹಿಸಿಯೂ ಬರೆದಿರಬಹುದು, ಆದ್ದರಿಂದ ಪಾಠ ಎಲ್ಲರಿಗೂ ಇರುತ್ತದೆ. ಸಂಕಲನವನ್ನು ಒಂದು ದಿನ ಮುಂದೂಡುತ್ತೇನೆ.

ಕಲಿಕಾ ಫಲ: ಅಂಶ 1 ಇರುವ ಎರಡು ಭಿನ್ನರಾಶಿಗಳನ್ನು ಹೋಲಿಸಿ, ಪಟ್ಟಿಯ ಚಿತ್ರದಿಂದ ಕಾರಣ ತೋರಿಸುವರು.

ಮೊದಲ 5 ನಿಮಿಷ: 12 ಸೆಂ.ಮೀ. ಉದ್ದದ ಎರಡು ಪಟ್ಟಿ ತೋರಿಸಿ, 'ಇದನ್ನು ಮೂವರಿಗೆ ಹಂಚಿದೆ, ಇದನ್ನು ನಾಲ್ವರಿಗೆ. ಯಾರ ತುಂಡು ದೊಡ್ಡದು?' ಎಂದು ಕೇಳುತ್ತೇನೆ. ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಸುತ್ತೇನೆ. ಸರಿ, ತಪ್ಪು ಹೇಳುವುದಿಲ್ಲ.

ಮುಂದಿನ 12 ನಿಮಿಷ: ಇಬ್ಬಿಬ್ಬರಿಗೆ ಎರಡು ಪಟ್ಟಿ. ಒಂದನ್ನು 4 ಸೆಂ.ಮೀ.ಗೆ, ಇನ್ನೊಂದನ್ನು 3 ಸೆಂ.ಮೀ.ಗೆ ಗುರುತು ಮಾಡಿ ಕತ್ತರಿಸುತ್ತಾರೆ. ಒಂದೊಂದು ತುಂಡನ್ನು ಪಕ್ಕಪಕ್ಕ ಇಟ್ಟು, ಅವುಗಳ ಮೇಲೆ 1/3, 1/4 ಎಂದು ಬರೆಯುತ್ತಾರೆ.

8 ನಿಮಿಷ: ಮೊದಲು ಬರೆದ ಉತ್ತರಕ್ಕೂ ಈಗ ಕಂಡದ್ದಕ್ಕೂ ಹೊಂದಿಕೆ ಇದೆಯೇ ಎಂದು ಚರ್ಚೆ. '4 ದೊಡ್ಡದು, ತುಂಡು ಯಾಕೆ ಚಿಕ್ಕದಾಯಿತು?' ಎಂದು ಕೇಳಿ, ಕಾರಣವನ್ನು ಮಕ್ಕಳಿಂದಲೇ ಹೇಳಿಸುತ್ತೇನೆ.

8 ನಿಮಿಷ: 1/2 ಮತ್ತು 1/6. ಮೊದಲು ಕತ್ತರಿಸದೆ ಊಹಿಸುತ್ತಾರೆ. ಆಮೇಲೆ 12 ಸೆಂ.ಮೀ. ಗೆರೆ ಎಳೆದು ಅಳೆದು ನೋಡುತ್ತಾರೆ.

ಕೊನೆಯ 7 ನಿಮಿಷ: '1/5, 1/8 ಯಾವುದು ದೊಡ್ಡದು? ಒಂದೇ ಉದ್ದದ ಎರಡು ಪಟ್ಟಿ ಬರೆದು ಕಾರಣ ತೋರಿಸಿ.' ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು ಕೊಡುತ್ತಾರೆ. ಕಾರಣ ಸರಿಯಿಲ್ಲದವರನ್ನು ಮರುದಿನ ಮೊದಲ 10 ನಿಮಿಷ ಬೇರೆ ಕೂರಿಸಿಕೊಂಡು ಪಟ್ಟಿಯ ಕೆಲಸ ಮಾಡಿಸುತ್ತೇನೆ. ಉಳಿದವರಿಗೆ ಆ ಹೊತ್ತಿನಲ್ಲಿ 1/3 ಮತ್ತು 3/4 ಹೋಲಿಸಲು ಕೊಡುತ್ತೇನೆ."

ಆ ಕೊನೆಯ ಜೋಡಿಯನ್ನು ಬೇಕೆಂದೇ ಆರಿಸಿದ್ದು. ಈ ಪಾಠ ಚೆನ್ನಾಗಿ ಆದ ತರಗತಿಯಲ್ಲೂ ಒಂದು ಹೊಸ ತಪ್ಪು ಹುಟ್ಟಬಹುದು: "ಛೇದ ಚಿಕ್ಕದಿದ್ದರೆ ಭಿನ್ನರಾಶಿ ದೊಡ್ಡದು" ಎಂದು ಮಕ್ಕಳು ಎಲ್ಲ ಕಡೆ ಹಾಕುತ್ತಾರೆ. ಆ ನಿಯಮ ಹಿಡಿದ ಮಗು 3/4ಕ್ಕಿಂತ 1/3 ದೊಡ್ಡದು ಎನ್ನುತ್ತದೆ. ಅಂಶವನ್ನೂ ನೋಡಬೇಕು ಎಂಬುದು ಅಲ್ಲಿ ಹೊರಬರುತ್ತದೆ.

## ಅಂಕ ಟಿಪ್ಪಣಿ

ಆಧಾರ ಸಹಿತ ತೊಡಕು ಗುರುತಿಸಿದ್ದಕ್ಕೆ 2, ಕಾಣುವಂಥ ಕಲಿಕಾ ಫಲಕ್ಕೆ 2, ಆ ತೊಡಕಿಗೇ ಹೊಂದುವ ಚಟುವಟಿಕೆಗೆ 3, ಒಟ್ಟು 40 ಬರುವ ನಿಮಿಷಗಳಿಗೆ 1, ಹೊಸ ಪ್ರಶ್ನೆ ಇರುವ ಮೌಲ್ಯಮಾಪನಕ್ಕೆ 2.

ಈಗ ಇನ್ನೆರಡು ಉತ್ತರ ನೋಡಿ.

ಉತ್ತರ ಅ. "ಮಕ್ಕಳಿಗೆ ಪೂರ್ವಜ್ಞಾನದ ಕೊರತೆ ಇದೆ. ಚಾರ್ಟ್, ಚಿತ್ರ, ವಿಡಿಯೋ ಬಳಸಿ ಭಿನ್ನರಾಶಿಯನ್ನು ಮನಮುಟ್ಟುವಂತೆ ಮತ್ತೆ ಬೋಧಿಸುವೆ. ಗುಂಪು ಚಟುವಟಿಕೆ ಕೊಡುವೆ. ಪ್ರಶ್ನೆ ಕೇಳಿ ಮೌಲ್ಯಮಾಪನ ಮಾಡುವೆ."

ಇದಕ್ಕೆ 1 ಅಂಕ, ಅದೂ ಚಿತ್ರ ಎಂಬ ಸುಳಿವಿಗಾಗಿ. ಇದನ್ನೇ ಎಲೆಯ ಭಾಗಗಳ ಪಾಠಕ್ಕೂ ಸಂಧಿ ಪಾಠಕ್ಕೂ ಬರೆಯಬಹುದು. ನಿಮ್ಮ ಉತ್ತರದಿಂದ ವಿಷಯದ ಹೆಸರನ್ನು ತೆಗೆದು ಓದಿ ನೋಡಿ. ಆಗಲೂ ಅದು ಯಾವ ಪಾಠಕ್ಕಾದರೂ ಒಗ್ಗುತ್ತದೆ ಎಂದರೆ ಉತ್ತರ ಇನ್ನೂ ಶುರುವೇ ಆಗಿಲ್ಲ.

ಉತ್ತರ ಆ. ಇವರು ತೊಡಕನ್ನು ಸರಿಯಾಗಿ ಗುರುತಿಸಿದ್ದಾರೆ, ಪಟ್ಟಿಯನ್ನೂ ಆರಿಸಿದ್ದಾರೆ, ನಿಮಿಷವೂ ಸರಿ ಇದೆ. ಆದರೆ "ಛೇದ ದೊಡ್ಡದಾದರೆ ಭಿನ್ನರಾಶಿ ಚಿಕ್ಕದು" ಎಂಬ ನಿಯಮವನ್ನು ಮೊದಲೇ ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ. ಪಟ್ಟಿಯ ಕೆಲಸ ಆಮೇಲೆ. ಕೊನೆಗೆ ಅದೇ 1/3, 1/4 ಕೇಳುತ್ತಾರೆ. ಕಲಿಕಾ ಫಲ "ಹೋಲಿಕೆಯನ್ನು ಅರಿತು ಹೇಳುವರು".

ತೊಡಕಿಗೆ 2, ಕಲಿಕಾ ಫಲಕ್ಕೆ 1, ಚಟುವಟಿಕೆಗೆ 2, ನಿಮಿಷಕ್ಕೆ 1, ಮೌಲ್ಯಮಾಪನಕ್ಕೆ 0. ಒಟ್ಟು 6. ನಿಯಮ ಮೊದಲೇ ಬಂದರೆ ಮಗು ಪಟ್ಟಿಯನ್ನು ನೋಡಿ ಯೋಚಿಸುವುದಿಲ್ಲ, ಹಲಗೆ ನೋಡಿ ಉತ್ತರ ಹೇಳುತ್ತದೆ. ಬುದ್ಧಿವಂತ ಪ್ರಶಿಕ್ಷಣಾರ್ಥಿಗಳು ಕಳೆದುಕೊಳ್ಳುವ ನಾಲ್ಕು ಅಂಕ ಇವು. ಕ್ರಮ ತಿರುಗಿಸಿ ಒಂದು ಹೊಸ ಜೋಡಿ ಕೊಟ್ಟಿದ್ದರೆ ಬಹುಪಾಲು ಉಳಿಯುತ್ತಿತ್ತು.

## ಸನ್ನಿವೇಶ 2: ಸಮಯ ಕೈಕೊಟ್ಟಾಗ

*ಹರಿಹರ ತಾಲೂಕಿನ ಶಾಲೆ, 7ನೇ ತರಗತಿ, 35 ಮಕ್ಕಳು. ಎರೆ ಮಣ್ಣು ಮತ್ತು ಕೆಂಪು ಮರಳು ಮಣ್ಣಿನಲ್ಲಿ ನೀರು ಇಂಗುವ ವೇಗವನ್ನು ಹೋಲಿಸುವ ಪಾಠ. ಐದು ಗುಂಪುಗಳಿಗೆ ಪ್ರಯೋಗ, 10 ನಿಮಿಷ ಟಿಪ್ಪಣಿ ಬರೆಸುವುದು, ಕೊನೆಗೆ ಮೌಲ್ಯಮಾಪನ ಎಂದು ಯೋಜನೆ ಇತ್ತು. ಪ್ರಾರ್ಥನೆ ಉದ್ದವಾಗಿ 25 ನಿಮಿಷ ಮಾತ್ರ ಉಳಿದಿದೆ. ಏನು ಮಾಡುವಿರಿ?*

"ಎಲ್ಲ ಹಂತಗಳನ್ನೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡುವೆ" ಎನ್ನುವುದು ತುಂಬಾ ಬರುವ ಉತ್ತರ. ಅದು ಆಗುವ ಮಾತಲ್ಲ. ಎರೆ ಮಣ್ಣಿನಲ್ಲಿ ನೀರು ಇಳಿಯಲು ಅದರದೇ ಸಮಯ ಬೇಕು, ಅದನ್ನು ಅವಸರಪಡಿಸಲು ಸಾಧ್ಯವಿಲ್ಲ. "ಮೌಲ್ಯಮಾಪನ ನಾಳೆ" ಎನ್ನುವುದೂ ಬೇಡ. ಇವತ್ತು ಏನು ಕಲಿತರು ಎಂದು ಗೊತ್ತಾಗದೆ ನಾಳೆಯ ಪಾಠ ಯೋಜಿಸುವುದು ಹೇಗೆ?

ಏನನ್ನು ಪೂರ್ತಿ ಬಿಡುವಿರಿ ಎಂದು ಹೆಸರು ಹಿಡಿದು ಬರೆಯಬೇಕು. ಮಾದರಿ ಉತ್ತರ: "ಟಿಪ್ಪಣಿ ಬರೆಸುವುದನ್ನು ಬಿಡುತ್ತೇನೆ, ಅದನ್ನು ಮನೆಯಲ್ಲಿ ಬರೆಯಬಹುದು. ಐದು ಗುಂಪಿನ ಬದಲು ಎರಡು ಬಗೆಯ ಮಣ್ಣು ತುಂಬಿದ, ತಳದಲ್ಲಿ ತೂತಿರುವ ಒಂದೇ ಜೊತೆ ಬಾಟಲಿಯನ್ನು ಮೇಜಿನ ಮೇಲೆ ಇಡುತ್ತೇನೆ. 3 ನಿಮಿಷ: ಯಾವುದರಲ್ಲಿ ನೀರು ಬೇಗ ಇಳಿಯುತ್ತದೆ ಎಂಬ ಊಹೆಯನ್ನು ಬರೆಸುತ್ತೇನೆ. 10 ನಿಮಿಷ: ಎರಡಕ್ಕೂ 100 ಮಿ.ಲೀ. ನೀರು ಹಾಕುತ್ತೇನೆ. ಒಬ್ಬರು ಎರಡು ನಿಮಿಷಕ್ಕೊಮ್ಮೆ ಕೆಳಗೆ ಬಿದ್ದ ನೀರನ್ನು ಅಳೆಯುತ್ತಾರೆ, ಉಳಿದವರು ಎರಡೂ ಒದ್ದೆ ಮಣ್ಣನ್ನು ಬೆರಳಲ್ಲಿ ಉಜ್ಜಿ ವ್ಯತ್ಯಾಸ ಬರೆಯುತ್ತಾರೆ. 7 ನಿಮಿಷ: ಕಣದ ಗಾತ್ರಕ್ಕೂ ನೀರು ಇಳಿಯುವುದಕ್ಕೂ ಇರುವ ಸಂಬಂಧದ ಚರ್ಚೆ. 5 ನಿಮಿಷ: 'ಭತ್ತದ ಗದ್ದೆಯಲ್ಲಿ ನೀರು ನಿಲ್ಲಬೇಕು. ಇವೆರಡರಲ್ಲಿ ಯಾವ ಮಣ್ಣು ಆರಿಸುವಿರಿ, ಯಾಕೆ?' ಎಂದು ಬರೆಸುತ್ತೇನೆ."

ಅಂಕ ಟಿಪ್ಪಣಿ: ಬಿಟ್ಟದ್ದನ್ನು ಕಾರಣ ಸಹಿತ ಹೇಳಿದ್ದರೆ, ನೀರು ಇಳಿಯುವ ಹೊತ್ತಿನಲ್ಲಿ ಮಕ್ಕಳಿಗೆ ಕೆಲಸ ಕೊಟ್ಟಿದ್ದರೆ ಹೆಚ್ಚಿನ ಅಂಕ. ಸಾಮಗ್ರಿಯ ಎಚ್ಚರಿಕೆ ಬರೆದಿದ್ದರೆ ಉತ್ತರಕ್ಕೆ ಇನ್ನಷ್ಟು ತೂಕ. ಒಣಗಿದ ಎರೆ ಮಣ್ಣಿನ ಹೆಂಟೆಯನ್ನು ಹಾಗೇ ಹಾಕಿದರೆ ಸಂದಿಗಳಲ್ಲಿ ನೀರು ಸರ್ರನೆ ಇಳಿದು ಫಲಿತಾಂಶ ತಲೆಕೆಳಗಾಗುತ್ತದೆ. ಮಣ್ಣನ್ನು ಪುಡಿ ಮಾಡಿ, ಎರಡನ್ನೂ ಒಂದೇ ಪ್ರಮಾಣದಲ್ಲಿ ತೆಗೆದುಕೊಂಡು ಒಂದೇ ರೀತಿ ಒತ್ತಬೇಕು. ಹಾಕಿದ ನೀರು ಕೆಲವೇ ಸೆಕೆಂಡುಗಳಲ್ಲಿ ಬಾಟಲಿಯ ಅಂಚಿನ ಪಕ್ಕದಿಂದ ಕೆಳಗೆ ಸುರಿದರೆ ಮಣ್ಣಿನಲ್ಲಿ ಸಂದಿ ಉಳಿದಿದೆ ಎಂಬುದಕ್ಕೆ ಅದೇ ಸೂಚನೆ. ಹಿಂದಿನ ಸಂಜೆಯೇ ಒಮ್ಮೆ ಮಾಡಿ ನೋಡಿದ್ದರೆ ಇದು ತರಗತಿಯಲ್ಲಿ ಆಗುವುದಿಲ್ಲ.

## ಸನ್ನಿವೇಶ 3: ಮಾತಾಡದ ಮಕ್ಕಳು

*ಮೊಳಕಾಲ್ಮೂರು ತಾಲೂಕಿನ ಶಾಲೆ, 4ನೇ ತರಗತಿ. ಸಂತೆಯ ಚಿತ್ರ ನೋಡಿ ಐದು ವಾಕ್ಯ ಹೇಳುವ ಕನ್ನಡ ಪಾಠ. ಮನೆಯಲ್ಲಿ ತೆಲುಗು ಮಾತಾಡುವ ಆರು ಮಕ್ಕಳು ಏನೂ ಹೇಳಲಿಲ್ಲ. ಆದರೆ ಅದೇ ಸಂತೆಯ ಕಥೆ ಹೇಳುವ ಚಿತ್ರಗಳನ್ನು ಕ್ರಮವಾಗಿ ಸರಿಯಾಗಿಯೇ ಜೋಡಿಸಿದರು. ಏನು ಮಾಡುವಿರಿ?*

ಇಲ್ಲಿನ ಬಲೆ "ನಿಧಾನಗತಿಯ ಕಲಿಕೆಯವರು" ಎಂಬ ಪದ. ಅದನ್ನು ಬರೆದ ಕೂಡಲೇ ಅಂಕ ಹೋಯಿತು. ಚಿತ್ರಗಳನ್ನು ಸರಿಯಾಗಿ ಜೋಡಿಸಿದ್ದಾರೆ, ಅಂದರೆ ಕಥೆ ಅರ್ಥವಾಗಿದೆ. ಅದನ್ನು ಹೇಳಲು ಕನ್ನಡದ ವಾಕ್ಯ ಅವರ ಬಾಯಿಗೆ ಇನ್ನೂ ಬಂದಿಲ್ಲ.

ಒಳ್ಳೆಯ ಉತ್ತರ ಚಿಕ್ಕದೇ ಸಾಕು. ಮೊದಲು ಮನೆಮಾತಿನಲ್ಲೇ ಜೊತೆಗಾರರಿಗೆ ಹೇಳಲು ಬಿಡುವುದು. ಆಮೇಲೆ ಪಾಠಕ್ಕೆ ಬೇಕಾದ ಐದಾರು ಕನ್ನಡ ಪದಗಳನ್ನು ಚಿತ್ರದ ಮೇಲೇ ಅಂಟಿಸುವುದು. "ಅಜ್ಜಿ ... ಮಾರುತ್ತಿದ್ದಾರೆ" ಎಂಬಂಥ ಅರ್ಧ ವಾಕ್ಯ ಕೊಟ್ಟು, ಎರಡೂ ಮಾತು ಬಲ್ಲ ಮಗುವಿನ ಜೊತೆ ಪೂರ್ತಿ ಮಾಡಿಸುವುದು. ಆ ದಿನದ ಮೌಲ್ಯಮಾಪನ ಎರಡು ವಾಕ್ಯಕ್ಕೆ ಸಾಕು, ಐದು ಬೇಡ. ಉಳಿದ ಮಕ್ಕಳಿಗೆ ಐದೇ ಇರಲಿ.

## ಬರೆದು ಮುಗಿಸಿದ ಮೇಲೆ ನೋಡಬೇಕಾದ್ದು

ಕೊಡುವ ಮೊದಲು ಎರಡು ನಿಮಿಷ ಉಳಿಸಿಕೊಳ್ಳಿ. ಹಂತ 1ರಲ್ಲಿ ಗೆರೆ ಎಳೆದ ಪ್ರತಿ ಸಂಗತಿಯೂ ಉತ್ತರದಲ್ಲಿ ಎಲ್ಲಾದರೂ ಬಂದಿದೆಯೇ ನೋಡಿ. ಬರದಿದ್ದರೆ ಅದನ್ನು ಯಾವ ಹಂತಕ್ಕೆ ಸೇರಿಸಬೇಕೋ ಅಲ್ಲಿ ಸೇರಿಸಿ. ನಿಮಿಷಗಳನ್ನು ಕೂಡಿಸಿ. 40 ನಿಮಿಷದ ಅವಧಿಗೆ 55 ನಿಮಿಷದ ಯೋಜನೆ ಬರೆದ ಉತ್ತರಗಳು ಬೇಕಾದಷ್ಟು ಸಿಗುತ್ತವೆ.

ಆಮೇಲೆ ಕಲಿಕಾ ಫಲದ ಕ್ರಿಯಾಪದವನ್ನೂ ಕೊನೆಯ ಪ್ರಶ್ನೆಯನ್ನೂ ಒಟ್ಟಿಗೆ ಓದಿ. ಕಲಿಕಾ ಫಲದಲ್ಲಿ "ಕಾರಣ ತೋರಿಸುವರು" ಎಂದಿದ್ದು, ಕೊನೆಯ ಪ್ರಶ್ನೆ ಹೌದು, ಇಲ್ಲ ಎಂದು ಹೇಳಿಸುವಂತಿದ್ದರೆ ಪ್ರಶ್ನೆಯನ್ನು ಬದಲಿಸಿ. ಕಲಿಕಾ ಫಲಕ್ಕೆ ಕೈ ಹಾಕಬೇಡಿ.